ಒಂದು ಕಿಲೋಮೀಟರಿಗೆ ಮೂವತ್ತು ರೂಪಾಯಿ

ಪುಣೆಯ ಕೊಥ್ರೂಡಿನಲ್ಲಿ ಬಾಡಿಗೆಗಿರುವ ಧಾರವಾಡದ ಕುಟುಂಬವೊಂದು ತನ್ನ ಕಾರಿನ ಲೆಕ್ಕ ಹಾಕಲು ಕೂತದ್ದು ಕಾರಿನ ಮೇಲಿನ ಸಿಟ್ಟಿನಿಂದಲ್ಲ. ಮಾಳಮಡ್ಡಿಯಲ್ಲಿದ್ದ ಅವರ ಹಳೆಯ ಮನೆಯ ಮಾಡು ಮಳೆಗಾಲಕ್ಕೆ ಮುಂಚೆ ರಿಪೇರಿ ಆಗಬೇಕಿತ್ತು. ಊರಲ್ಲೇ ಇರುವ ಅಣ್ಣ ಫೋನ್ ಮಾಡಿ, ತಮ್ಮನ ಪಾಲಿಗೆ 2,25,000 ರೂಪಾಯಿ ಬರುತ್ತದೆ ಎಂದು ಹೇಳಿದ್ದ. ತಮ್ಮ ಕೊಟ್ಟ ಉತ್ತರ ಎಲ್ಲ ಮನೆಗಳಲ್ಲೂ ಕೇಳಿಬರುವಂಥದ್ದೇ: ಈಗ ಕೈಯಲ್ಲಿ ಅಷ್ಟಿಲ್ಲ, ಕಾರಿನ ಕಂತು ಮುಗಿಯಲಿ.

ಹೆಂಡತಿ ಶಾಲೆಯೊಂದರ ಕಚೇರಿಯಲ್ಲಿ ಲೆಕ್ಕಪತ್ರ ನೋಡುವವಳು. ವೋಚರ್ ಇಲ್ಲದ ಮಾತನ್ನು ನಂಬುವ ಅಭ್ಯಾಸ ಆಕೆಗಿಲ್ಲ. "ರೀ, ಕಾರಿಗೆ ತಿಂಗಳಾ ಎಷ್ಟ್ ಹೋಗ್ತದ?" ಎಂದು ಕೇಳಿದಳು. "ಕಂತು ಹದಿಮೂರು, ಪೆಟ್ರೋಲು ಮೂರೋ ನಾಕೋ ಸಾವಿರ. ಹದಿನೇಳು ಹಿಡಿ" ಎಂದ ಆತ. ಎರಡು ಭಾನುವಾರ ಕೂತು ಲೆಕ್ಕ ಮಾಡಿದ ಮೇಲೆ ಗೊತ್ತಾದದ್ದೇನೆಂದರೆ, ಆ ಹದಿನೇಳು ಸಾವಿರ ಎರಡು ಬಗೆಯಲ್ಲಿ ತಪ್ಪಾಗಿತ್ತು. ಕೈಯಿಂದ ಹೋಗುತ್ತಿದ್ದದ್ದು ಅದಕ್ಕಿಂತ ಬಹಳ ಹೆಚ್ಚು. ಆದರೆ ಹೋಗುತ್ತಿದ್ದದ್ದೆಲ್ಲ ಖರ್ಚೂ ಆಗಿರಲಿಲ್ಲ.

ಕಾರು 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. 2021ರ ಅಕ್ಟೋಬರಿನಲ್ಲಿ, ದಸರೆಗೆ ತಂದದ್ದು. ಲೆಕ್ಕಕ್ಕೆ ಆಕೆ ಆರಿಸಿಕೊಂಡದ್ದು 2024ರ ಏಪ್ರಿಲಿನಿಂದ 2025ರ ಮಾರ್ಚ್‌ವರೆಗಿನ ಒಂದು ಪೂರ್ತಿ ವರ್ಷ. ಒಂದು ತಿಂಗಳ ರಸೀದಿ ಕೂಡಿಸಿ ಕಾರಿನ ಖರ್ಚು ಹೇಳಲಾಗುವುದಿಲ್ಲ. ವಿಮೆ ವರ್ಷಕ್ಕೊಮ್ಮೆ ಬರುತ್ತದೆ, ಸರ್ವಿಸ್ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತದೆ, ಊರಿಗೆ ಹೋಗುವುದು ಹಬ್ಬಕ್ಕೆ ಮತ್ತು ಬೇಸಿಗೆ ರಜೆಗೆ. ಯಾವ ತಿಂಗಳನ್ನು ಆರಿಸಿದರೂ ಅದು ಒಂದೋ ಅಗ್ಗದ ತಿಂಗಳು, ಇಲ್ಲವೇ ದುಬಾರಿ ತಿಂಗಳು. ವರ್ಷದ್ದನ್ನು ಕೂಡಿಸಿ ಹನ್ನೆರಡರಿಂದ ಭಾಗಿಸುವುದೇ ನ್ಯಾಯ.

ಮೊದಲ ತೊಡಕು ಪೆಟ್ರೋಲಿನದು. ಬಂಕಿನವರು ಕೊಡುವ ಚೀಟಿ ಶಾಖಕ್ಕೆ ಅಚ್ಚಾಗುವ ಕಾಗದದ್ದು. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಎರಡು ತಿಂಗಳು ಬಿಸಿಲು ಕಂಡರೆ ಅಕ್ಷರ ಅಳಿಸಿ ಬಿಳಿ ಹಾಳೆಯಾಗುತ್ತದೆ. ಅವರ ಖಾನೆಯಲ್ಲಿ ಅಂಥ ಬಿಳಿ ಚೀಟಿಗಳ ಕಟ್ಟೇ ಇತ್ತು. ಹಾಗಾಗಿ ಆಕೆ ಬ್ಯಾಂಕ್ ಖಾತೆಯ ಯುಪಿಐ ಪಟ್ಟಿ ಹಿಡಿದಳು. ಅಲ್ಲೂ ಪೆಟ್ರೋಲ್ ಎಂದು ಬರೆದಿರುವುದಿಲ್ಲ. ಬಂಕಿನ ಮಾಲೀಕರ ಎಂಟರ್‌ಪ್ರೈಸಸ್, ಟ್ರೇಡರ್ಸ್, ಅಂಡ್ ಸನ್ಸ್ ಹೆಸರಿರುತ್ತದೆ. ಯಾವ ಹೆಸರು ಯಾವ ಬಂಕಿನದು ಎಂದು ಗಂಡನನ್ನು ಕೂಡಿಸಿಕೊಂಡು ಗುರುತಿಸಬೇಕಾಯಿತು. ಮೊತ್ತ ಬಂತು: ವರ್ಷಕ್ಕೆ 52,000.

ಇದು ಸರಿಯೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೆ ಕಾರು ಎಷ್ಟು ಓಡಿದೆ ಎಂಬುದು ಬೇಕು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಸರ್ವಿಸ್ ಸೆಂಟರಿನವರು ಪ್ರತಿ ಬಿಲ್ಲಿನ ಮೇಲ್ತುದಿಯಲ್ಲಿ ಆ ದಿನದ ಕಿಲೋಮೀಟರ್ ಅಚ್ಚು ಮಾಡಿಯೇ ಕೊಡುತ್ತಾರೆ. 2024ರ ಮಾರ್ಚ್ ಕೊನೆಯ ಬಿಲ್ಲಿನಲ್ಲಿ 21,860 ಇತ್ತು, 2025ರ ಮಾರ್ಚ್ ಕೊನೆಯದರಲ್ಲಿ 30,260. ಅಂದರೆ ವರ್ಷಕ್ಕೆ 8,400 ಕಿಲೋಮೀಟರ್, ತಿಂಗಳಿಗೆ 700. ಲೀಟರಿಗೆ ಸುಮಾರು 104 ರೂಪಾಯಿಯಂತೆ 52,000ಕ್ಕೆ 500 ಲೀಟರ್ ಬರುತ್ತದೆ. 500 ಲೀಟರಿನಲ್ಲಿ 8,400 ಕಿಲೋಮೀಟರ್ ಓಡಿದರೆ ಲೀಟರಿಗೆ 16.8 ಆಯಿತು. ಕರ್ವೆ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗುವ ಕಾರಿಗೆ ಅಷ್ಟು ಬರುವುದು ಸಾಧ್ಯವಿರಲಿಲ್ಲ. ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡಿದಾಗ ಊರೊಳಗೆ ಬಂದದ್ದು 13, ಹೆದ್ದಾರಿಯಲ್ಲಿ 18. ಧಾರವಾಡದ ಮೂರು ಪ್ರವಾಸಗಳ 2,700 ಕಿಲೋಮೀಟರ್ ಹೆದ್ದಾರಿಯ ಲೆಕ್ಕಕ್ಕೆ, ಉಳಿದ 5,700 ಊರಿನ ಲೆಕ್ಕಕ್ಕೆ ಹಾಕಿದರೆ ಸುಮಾರು 588 ಲೀಟರ್ ಬೇಕು. ಹಣದಲ್ಲಿ ಹೇಳುವುದಾದರೆ 61,200 ರೂಪಾಯಿ. ಒಂಬತ್ತು ಸಾವಿರದಷ್ಟು ಬಿಲ್ಲುಗಳು ಎಲ್ಲೋ ತಪ್ಪಿಸಿಕೊಂಡಿದ್ದವು. ಹುಡುಕಿದರೆ ಸಿಕ್ಕವು, ಆತನ ಕ್ರೆಡಿಟ್ ಕಾರ್ಡಿನಲ್ಲಿ. ಊರಿಗೆ ಹೋಗುವಾಗ ಮಾತ್ರ ಆತ ಬಳಸುವ ಕಾರ್ಡು ಅದು.

ಆತನ "ಮೂರೋ ನಾಕೋ ಸಾವಿರ" ಹೀಗೆ 5,100 ಆಯಿತು.

ಎರಡನೆಯ ತೊಡಕು ವಿಮೆಯದು. ಇದು 2018ರ ಸೆಪ್ಟೆಂಬರಿನ ನಂತರ ಹೊಸ ಕಾರು ಕೊಂಡ ಎಲ್ಲರಿಗೂ ಅನ್ವಯಿಸುವ ಮಾತು. ಅವರ ಮೂರನೆಯ ವರ್ಷದ ವಿಮೆ 8,142 ರೂಪಾಯಿ ಇತ್ತು. ನಾಲ್ಕನೆಯ ವರ್ಷ, ಅಂದರೆ 2024ರ ಅಕ್ಟೋಬರಿನಲ್ಲಿ, 11,465 ಆಯಿತು. ಕಾರು ಹಳೆಯದಾದಷ್ಟೂ ವಿಮೆ ಇಳಿಯಬೇಕಲ್ಲ, ಏಜೆಂಟ್ ಏನೋ ಸೇರಿಸಿದ್ದಾನೆ ಎಂದು ಗಂಡ ಆಗಲೇ ಗೊಣಗಿದ್ದ. ಏಜೆಂಟನ ತಪ್ಪೇನೂ ಇರಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಮೊದಲ ದಿನವೇ ಒಟ್ಟಿಗೆ ಕಟ್ಟಬೇಕು. ಅವರೂ ಕಟ್ಟಿದ್ದರು, 2021ರ ದರದಂತೆ 9,534 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಆ ಹಣ ಶೋರೂಮಿನ ಆನ್‌ರೋಡ್ ಬೆಲೆಯೊಳಗೆ ಕರಗಿಹೋಗಿದ್ದರಿಂದ ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಎರಡನೆಯ ಮತ್ತು ಮೂರನೆಯ ವರ್ಷ ಅವರು ಕಟ್ಟಿದ್ದು ಸ್ವಂತ ಕಾರಿನ ಹಾನಿಗೆ ಸಂಬಂಧಿಸಿದ ಭಾಗವನ್ನು ಮಾತ್ರ. ನಾಲ್ಕನೆಯ ವರ್ಷ ಥರ್ಡ್ ಪಾರ್ಟಿ ಭಾಗ ವಾಪಸ್ ಬಂತು. 1000ದಿಂದ 1500 ಸಿಸಿ ಕಾರಿಗೆ ಅದು ವರ್ಷಕ್ಕೆ 3,416 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಎರಡನೆಯ ಅಥವಾ ಮೂರನೆಯ ವರ್ಷದ ರಸೀದಿ ಹಿಡಿದು ಕಾರಿನ ಖರ್ಚು ಹೇಳುವವರು ಸುಮಾರು ನಾಲ್ಕು ಸಾವಿರ ಕಡಿಮೆ ಹೇಳುತ್ತಿರುತ್ತಾರೆ. ಆಕೆ ನಾಲ್ಕನೆಯ ವರ್ಷದ್ದನ್ನೇ ಹಿಡಿದಳು: ತಿಂಗಳಿಗೆ 955.

ಸರ್ವಿಸಿನದು ಸುಲಭ, ಎರಡೇ ಬಿಲ್ಲು, 11,200. ಆದರೆ ಆ ವರ್ಷ ಟೈರು ಬದಲಾಯಿಸಿರಲಿಲ್ಲ, ಬ್ಯಾಟರಿಯನ್ನೂ ಬದಲಾಯಿಸಿರಲಿಲ್ಲ. ರಸೀದಿ ಇಲ್ಲ ಎಂದರೆ ಖರ್ಚು ಇಲ್ಲ ಎಂದಲ್ಲ, ಇನ್ನೂ ಬಂದಿಲ್ಲ ಎಂದಷ್ಟೇ. ನಾಲ್ಕು ಟೈರಿಗೆ ಇಪ್ಪತ್ತು ಸಾವಿರ, ಐದು ವರ್ಷಕ್ಕೊಮ್ಮೆ. ಇಷ್ಟು ಕಡಿಮೆ ಓಡುವ ಕಾರಿನಲ್ಲಿ ಟೈರು ಸವೆಯುವುದಕ್ಕಿಂತ ಮೊದಲು ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ, ಹಾಗಾಗಿ ಕಿಲೋಮೀಟರಿಗಿಂತ ವರ್ಷದ ಲೆಕ್ಕವೇ ಸರಿ. ಬ್ಯಾಟರಿ ನಾಲ್ಕು ವರ್ಷಕ್ಕೊಮ್ಮೆ. ಎರಡೂ ಸೇರಿ ತಿಂಗಳಿಗೆ 450 ಎತ್ತಿಟ್ಟಳು. ಸರ್ವಿಸಿನ 933ರ ಜೊತೆ ಅದನ್ನು ಸೇರಿಸಿದಳು.

ಪಾರ್ಕಿಂಗಿಗೆ ಪಕ್ಕದ ಬಂಗಲೆಯ ಅಂಗಳ, ತಿಂಗಳಿಗೆ 1,500. ಹೊರಗಡೆ ನಿಲ್ಲಿಸಿದ ಚೀಟಿಗಳು ಸುಮಾರು 250. ದಿನಾ ಬೆಳಿಗ್ಗೆ ಕಾರು ಒರೆಸುವ ಹುಡುಗನಿಗೆ 600. ಇದಕ್ಕೆ ಯಾವ ರಸೀದಿಯೂ ಇಲ್ಲ, ಎಷ್ಟೋ ಮನೆಗಳಲ್ಲಿ ಇದು ಕಾರಿನ ಖರ್ಚಿನಲ್ಲಿ ಬರುವುದೇ ಇಲ್ಲ, ಮನೆಗೆಲಸದ ಖರ್ಚಿನಲ್ಲಿ ಸೇರಿಹೋಗುತ್ತದೆ. (ಸ್ವಂತ ಫ್ಲಾಟಿನ ಜೊತೆ ಬಂದ ಪಾರ್ಕಿಂಗ್ ಪುಕ್ಕಟೆ ಎನ್ನುವವರಿದ್ದಾರೆ. ಆ ಜಾಗಕ್ಕೂ ಬಿಲ್ಡರ್ ದುಡ್ಡು ತೆಗೆದುಕೊಂಡಿರುತ್ತಾನೆ.) ಟೋಲಿನ ಲೆಕ್ಕ ಫಾಸ್ಟ್ಯಾಗಿನ ಪಟ್ಟಿಯಲ್ಲೇ ಸಿಕ್ಕಿತು. ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಆಮೇಲೆ ಗಡಿ ದಾಟಿದರೆ ಕೊಗನೊಳ್ಳಿ, ಹತ್ತರಗಿ, ಹಿರೇಬಾಗೇವಾಡಿ. ಹೆಸರುಗಳನ್ನು ಓದುತ್ತಾ ಹೋದರೆ ಊರಿಗೆ ಹೋದ ಹಾಗೇ ಆಗುತ್ತದೆ. ಮುಂಬೈಗೆ ಒಂದು ಸಲ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಿಬಂದದ್ದೂ ಸೇರಿ ವರ್ಷಕ್ಕೆ 4,500. ಪಿಯುಸಿ, ಪಂಕ್ಚರ್, ನೋ ಪಾರ್ಕಿಂಗಿನಲ್ಲಿ ನಿಲ್ಲಿಸಿದ್ದಕ್ಕೆ ಬಂದ ಇ-ಚಲನ್ ಎಲ್ಲ ಸೇರಿ ಇನ್ನೊಂದು ಸಾವಿರದೈನೂರು.

ಇಲ್ಲಿಗೆ ಓಡಿಸುವ, ಇಟ್ಟುಕೊಳ್ಳುವ ಖರ್ಚು ತಿಂಗಳಿಗೆ 10,288 ಆಯಿತು. ಅದಕ್ಕೆ ಕಂತು 13,131 ಸೇರಿಸಿದರೆ 23,419. ಗಂಡ ಸುಮ್ಮನೆ ಕೂತ. ಕೊನೆಗೆ, "ಇಷ್ಟ್ ಆಗ್ತದಂತ ಗೊತ್ತಿದ್ದಿಲ್ಲ ಬಿಡು" ಎಂದ.

ಆದರೆ ಈ 23,419 ಕಾರಿನ ಖರ್ಚಲ್ಲ. ಲೆಕ್ಕ ಬಲ್ಲವರೂ ತಪ್ಪುವುದು ಇಲ್ಲೇ. ಕಂತಿನಲ್ಲಿ ಎರಡು ಭಾಗಗಳಿವೆ, ಬಡ್ಡಿ ಮತ್ತು ಅಸಲು. ಬಡ್ಡಿ ಬ್ಯಾಂಕಿಗೆ ಹೋದದ್ದು ಹೋಯಿತು. ಅಸಲು ಹಾಗಲ್ಲ, ಸಾಲ ಅಷ್ಟು ಕಡಿಮೆಯಾಗುತ್ತದೆ, ಕಾರಿನಲ್ಲಿ ಅಷ್ಟು ಪಾಲು ನಿಮ್ಮದಾಗುತ್ತದೆ. ಖರ್ಚಾಗುವುದು ಕಾರಿನ ಬೆಲೆ ಬೀಳುವುದರಿಂದ. ಆ ಸವಕಳಿಗೆ ಯಾರೂ ರಸೀದಿ ಕೊಡುವುದಿಲ್ಲ. ಇಡೀ ಕಂತನ್ನೂ ಹಿಡಿದು, ಮೇಲೆ ಸವಕಳಿಯನ್ನೂ ಸೇರಿಸಿದರೆ ಒಂದೇ ಕಾರಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಗುತ್ತದೆ. ಸವಕಳಿಯನ್ನು ಬಿಟ್ಟು ಕಂತನ್ನಷ್ಟೇ ಹಿಡಿದರೆ, ಸಾಲ ತೀರಿದ ಮರುದಿನದಿಂದ ಕಾರು ಪುಕ್ಕಟೆ ಎಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಕಂತನ್ನು ಲೆಕ್ಕದಿಂದ ತೆಗೆದು, ಅದರ ಜಾಗದಲ್ಲಿ ಬಡ್ಡಿ ಮತ್ತು ಸವಕಳಿ ಎರಡನ್ನು ಇಡಬೇಕು.

ಬಡ್ಡಿ ತಿಳಿಯುವುದು ಸುಲಭ. ಬ್ಯಾಂಕಿನ ಆ್ಯಪಿನಲ್ಲಿ ವರ್ಷದ ಬಡ್ಡಿ ಪ್ರಮಾಣಪತ್ರ ಸಿಗುತ್ತದೆ. ಅವರ ಸಾಲ 6,40,000, ಶೇಕಡಾ 8.5ರ ಬಡ್ಡಿ, ಐದು ವರ್ಷ. ಆ ಹನ್ನೆರಡು ತಿಂಗಳಲ್ಲಿ ಕಟ್ಟಿದ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಹಣದಲ್ಲಿ ಬಡ್ಡಿ 25,930 ಮಾತ್ರ. ತಿಂಗಳಿಗೆ 2,161. ಸಾಲದ ಮೊದಲ ವರ್ಷವಾಗಿದ್ದರೆ ಇದು ಇದರ ಎರಡು ಪಟ್ಟು ಹತ್ತಿರ ಇರುತ್ತಿತ್ತು.

ಸವಕಳಿಗೆ ಕಾರಿನ ಇವತ್ತಿನ ಬೆಲೆ ಬೇಕು. ವಿಮೆಯ ಕಾಗದದಲ್ಲಿ ಐಡಿವಿ ಎಂದು ಒಂದು ಮೊತ್ತ ಇರುತ್ತದೆ, ಕೆಲವರು ಅದನ್ನೇ ಹಿಡಿಯುತ್ತಾರೆ. ಅದು ಮಾರುಕಟ್ಟೆಯ ಬೆಲೆಯಲ್ಲ, ಕಾರಿನ ವಯಸ್ಸಿನ ಮೇಲೆ ಕೋಷ್ಟಕದ ಪ್ರಕಾರ ಇಷ್ಟಿಷ್ಟು ಎಂದು ಕಳೆದು ಬರುವ ಸಂಖ್ಯೆ. ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇಕಡಾ 40 ಕಳೆಯುತ್ತಾರೆ, ಕಾರು ಯಾವುದೇ ಆಗಿರಲಿ, ಹೇಗೇ ಇಟ್ಟುಕೊಂಡಿರಲಿ. ನಿಜವಾದ ಬೆಲೆ ಕೊಳ್ಳುವವನು ಹೇಳಿದ್ದು. ಹಳೇ ಕಾರು ಕೊಳ್ಳುವ ಇಬ್ಬರಿಗೆ ತೋರಿಸಿದಾಗ ಹೆಚ್ಚಿನದು 4,60,000 ಬಂತು. ಜಾಹೀರಾತಿನಲ್ಲಿ ಅಂಥದೇ ಕಾರಿಗೆ ಐದು ಲಕ್ಷದ ಮೇಲೆ ಬರೆದಿರುತ್ತಾರೆ, ಅದು ಕೇಳುವ ಬೆಲೆ, ಕೈಗೆ ಬರುವ ಬೆಲೆಯಲ್ಲ.

ಕೊಂಡಾಗಿನ ಬೆಲೆ ಯಾವುದು ಎಂಬುದರಲ್ಲೂ ಎಚ್ಚರ ಬೇಕು. ಆನ್‌ರೋಡ್ 8,40,000 ಕೊಟ್ಟಿದ್ದರು. ಅದರಲ್ಲಿ 33,000 ವಿಮೆ, ಅದು ಆಯಾ ವರ್ಷದಲ್ಲೇ ಖರ್ಚಾಗಿಹೋದದ್ದು, ಸವಕಳಿಯಲ್ಲಿ ಸೇರಿಸುವ ಹಾಗಿಲ್ಲ. ರಸ್ತೆ ತೆರಿಗೆ ಮಾತ್ರ ಸೇರಬೇಕು. ಮಹಾರಾಷ್ಟ್ರದಲ್ಲಿ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಅದು ಶೇಕಡಾ 11, ಅವರಿಗೆ 79,200 ಬಿದ್ದಿತ್ತು. ಮಾರುವಾಗ ಅದನ್ನು ಯಾರೂ ಬೇರೆಯಾಗಿ ವಾಪಸ್ ಕೊಡುವುದಿಲ್ಲ. ಹೀಗೆ 8,07,000ದಿಂದ 4,60,000 ಕಳೆದರೆ 3,47,000. ನಲವತ್ತೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ 8,463. ಪೆಟ್ರೋಲಿಗಿಂತಲೂ ದೊಡ್ಡ ಖರ್ಚು. ಅದರ ಒಂದೇ ಒಂದು ಚೀಟಿಯೂ ಮನೆಯಲ್ಲಿ ಇರಲಿಲ್ಲ.

ಎಲ್ಲ ಕೂಡಿಸಿದಾಗ ಬಂದದ್ದು ತಿಂಗಳಿಗೆ 20,912. ಓಡಿದ್ದು 700 ಕಿಲೋಮೀಟರ್. ಕಿಲೋಮೀಟರಿಗೆ ಹತ್ತಿರ ಹತ್ತಿರ 30 ರೂಪಾಯಿ. ಪೆಟ್ರೋಲನ್ನಷ್ಟೇ ಹಿಡಿದರೆ ಅದು ಏಳು ಚಿಲ್ಲರೆ ಆಗುತ್ತದೆ. "ಕ್ಯಾಬಿಗೆ ಯಾಕ ಸುಮ್ನ ರೊಕ್ಕ ಹಾಕೋದು, ಮನೀ ಕಾರ ಐತಲ್ಲ" ಎಂದು ಆತ ಹೇಳುತ್ತಿದ್ದದ್ದು ಆ ಏಳು ರೂಪಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾರು ಇದ್ದಾಗ ಅದು ಸರಿಯಾದ ಮಾತೇ. ಬಾಗಿಲಲ್ಲಿ ನಿಂತ ಕಾರನ್ನು ಇನ್ನೂ ಹತ್ತು ಕಿಲೋಮೀಟರ್ ಓಡಿಸಿದರೆ ಹೆಚ್ಚಾಗುವುದು ಪೆಟ್ರೋಲು, ಟೈರು ಅಷ್ಟೇ. ಆದರೆ ಕಾರು ಇರಬೇಕೇ ಎಂದು ಕೇಳುವಾಗ ಆ ಏಳು ಉತ್ತರವಲ್ಲ.

ಮೂವತ್ತೂ ಪೂರ್ತಿ ಉತ್ತರವಲ್ಲ. ಆಕೆ ಇದನ್ನು ಎರಡನೆಯ ಭಾನುವಾರ ಕಂಡುಕೊಂಡಳು. ಬಿದ್ದುಹೋದ ಬೆಲೆ ಕಾರು ಮಾರಿದರೆ ಎದ್ದು ಬರುವುದಿಲ್ಲ. ಮುಂದಿನ ವರ್ಷ ಇಟ್ಟುಕೊಂಡರೆ ಇನ್ನೆಷ್ಟು ಬೀಳುತ್ತದೆ ಎಂಬುದಷ್ಟೇ ಈಗಿನ ಪ್ರಶ್ನೆ. ಅದನ್ನು ತಿಳಿಯಲು ಆ ವ್ಯಾಪಾರಿಯನ್ನೇ ಕೇಳಿದರು: ಇದೇ ಕಾರು, ಇದೇ ಮಾದರಿ, ಒಂದು ವರ್ಷ ಹಳೆಯದು, 2020ರದ್ದು ತಂದರೆ ಎಷ್ಟು ಕೊಡುತ್ತೀರಿ? ಐವತ್ತು ಸಾವಿರ ಕಡಿಮೆ ಎಂದ. ಅಂದರೆ ಮುಂದೆ ಸವಕಳಿ ತಿಂಗಳಿಗೆ ಸುಮಾರು 4,200. ಸಾಲ ಇಳಿದಿರುವುದರಿಂದ ಬಡ್ಡಿಯೂ 1,200ಕ್ಕೆ ಇಳಿಯುತ್ತದೆ. ಓಡಿಸುವ ಖರ್ಚು ಸೇರಿ ಮುಂದಿನ ವರ್ಷ ಕಾರು ಇಟ್ಟುಕೊಳ್ಳುವುದಕ್ಕೆ ತಿಂಗಳಿಗೆ ಸುಮಾರು 15,700. ಹೊಸ ಕಾರು ದುಬಾರಿ, ನಾಲ್ಕು ವರ್ಷ ಹಳೆಯದಾದ ಕಾರು ಅಷ್ಟಲ್ಲ ಎಂಬುದು ಇದರಲ್ಲೇ ಕಾಣುತ್ತದೆ. ದೊಡ್ಡ ಏಟು ಆಗಲೇ ತಿಂದಾಗಿತ್ತು. ಇದು ಕಾರಿನ ಪರವಾಗಿ ನಿಲ್ಲುವ ಲೆಕ್ಕ, ಆಕೆ ಅದನ್ನು ಮುಚ್ಚಿಡಲಿಲ್ಲ.

ಆಮೇಲೆ ಕಾರಿಲ್ಲದ ಲೆಕ್ಕ. ಆತ ವಾರಕ್ಕೆ ಎರಡು ದಿನ ಹಿಂಜವಡಿಗೆ ಹೋಗುವವನು, ಕಂಪನಿಯ ಬಸ್ಸಿಗೆ ತಿಂಗಳಿಗೆ 1,800. ಊರಿಗೆ ಮೂರು ಸಲ, ನಾಲ್ಕು ಜನ. ಪುಣೆಯಿಂದ ಧಾರವಾಡಕ್ಕೆ ರೈಲುಗಳಿವೆ, 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿಯ ವಂದೇ ಭಾರತ್ ಕೂಡ ಇದೆ. ಆಟೋ ಎಲ್ಲ ಸೇರಿ ಸಲಕ್ಕೆ ಹತ್ತು ಸಾವಿರದಂತೆ ತಿಂಗಳಿಗೆ 2,500. ಉಳಿದದ್ದು ಊರೊಳಗಿನ ಓಡಾಟ: ಅತ್ತೆಯ ಮಂಡಿನೋವಿನ ಡಾಕ್ಟರು, ಕಣ್ಣಿನ ಆಸ್ಪತ್ರೆ, ದೇವಸ್ಥಾನ, ಭಾನುವಾರದ ನೆಂಟರ ಮನೆ. ತಿಂಗಳಿಗೆ 185 ಕಿಲೋಮೀಟರ್, ಕ್ಯಾಬಿಗೆ ಕಿಲೋಮೀಟರಿಗೆ 25ರಂತೆ ಹಿಡಿದರೂ 4,600 ಆಸುಪಾಸು. ಒಟ್ಟು 8,900. ಉಳಿತಾಯ ತಿಂಗಳಿಗೆ 6,800.

ಗಂಡ ಲೆಕ್ಕವನ್ನು ಒಪ್ಪಿದ, ನಿರ್ಧಾರವನ್ನು ಒಪ್ಪಲಿಲ್ಲ. "ಅವ್ವಗ ರಾತ್ರಿ ಏನರ ಆತಂದ್ರ? ಮಳೀಯಾಗ ಕ್ಯಾಬ್ ಸಿಗ್ತದೇನು?" ಪುಣೆಯ ಜುಲೈ ತಿಂಗಳು ಗೊತ್ತಿದ್ದವರು ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಕಾರಿನ ಖರ್ಚಿನಲ್ಲಿ ಒಂದು ಭಾಗ ಓಡಿದ್ದಕ್ಕಲ್ಲ, ಓಡಬೇಕಾದಾಗ ಇರುತ್ತದೆ ಎಂಬುದಕ್ಕೆ ಕೊಡುವುದು. ಅದಕ್ಕೆ ಕಿಲೋಮೀಟರಿನ ದರ ಹಚ್ಚಲು ಬರುವುದಿಲ್ಲ. ತಿಂಗಳಿಗೆ 6,800 ಆ ನೆಮ್ಮದಿಯ ಬೆಲೆ, ಕೊಡಬಹುದು, ಕೊಡದೆಯೂ ಇರಬಹುದು ಎಂದು ಆಕೆ ಕಾಗದ ಮಡಚಿದಳು.

ಒಳಗಿನ ಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಊಟದ ಹೊತ್ತಿಗೆ ಮಾತೆತ್ತಿದರು. "ನನ್ನ ಹೆಸರ ಹೇಳಿ ಕಾರ ಇಟ್ಕೋಬ್ಯಾಡ್ರಪಾ. ಡಾಕ್ಟರ ಮನಿಗೆ ಆಟೋದಾಗ ಹೋಗ್ತೀನಿ ನಾ. ಮಾಡು ಸೋರಿ ಗ್ವಾಡಿ ಕುಸದ್ರ ಆ ಮನಿ ಮತ್ತ ಯಾರು ಕಟ್ತೀರಿ?" ಮಗ ಏನೂ ಅನ್ನಲಿಲ್ಲ. ಸೊಸೆ, "ಅತ್ತಿ, ಆಟೋ ಹತ್ತಲಿಕ್ಕೆ ನಿಮ್ಮ ಮಂಡಿ ಬಗ್ಗಂಗಿಲ್ಲ, ಕ್ಯಾಬೇ ತರಸ್ತೀವಿ" ಎಂದಳು. ಅಲ್ಲಿಗೆ ಕಾರು ಮಾರುವುದು ನಿಶ್ಚಯವಾದಂತಾಯಿತು.

ಮೇ ತಿಂಗಳ ಕಂತು ಹೋದ ಮೇಲೆ 4,55,000ಕ್ಕೆ ಕೊಟ್ಟರು. ಏಪ್ರಿಲಿನಲ್ಲಿ ಹೇಳಿದ ಬೆಲೆಯಲ್ಲಿ ಐದು ಸಾವಿರ ಇಳಿಯಿತು, ಹಿಂಬದಿ ಬಾಗಿಲಿನ ಒಂದು ಗೀರಿಗೆ. ಬ್ಯಾಂಕಿನ ಬಾಕಿ ಸುಮಾರು 2,09,600 ಇತ್ತು. ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಶೇಕಡಾ 3 ಶುಲ್ಕ, ಜಿಎಸ್‌ಟಿ ಸೇರಿ 7,400. ಸಾಲದ ಕರಾರಿನ ಒಳಪುಟದಲ್ಲಿ ಇದು ಬರೆದಿತ್ತು, ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಕೈಗೆ ಬಂದದ್ದು 2,38,000. ಧಾರವಾಡಕ್ಕೆ 2,25,000 ಅದೇ ವಾರ ಹೋಯಿತು.

ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬರಲು ಹತ್ತು ದಿನ ಹಿಡಿಯಿತು. ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟ ಮೇಲೂ ಆರ್‌ಸಿಯಲ್ಲಿ ಹೆಸರು ಬದಲಾಯಿತೇ ಎಂದು ಆಕೆ ಪರಿವಾಹನ್ ಜಾಲತಾಣದಲ್ಲಿ ದಿನಾ ನೋಡುತ್ತಿದ್ದಳು. ಹೆಸರು ಬದಲಾಗುವವರೆಗೆ ಅಪಘಾತವಾದರೆ ಕಾನೂನಿನ ಕಣ್ಣಿಗೆ ಮಾಲೀಕ ಹಳಬನೇ. ಜೂನಿನ ಕ್ಯಾಬ್ ಖರ್ಚು ಅಂದಾಜು ಮಾಡಿದ್ದಕ್ಕಿಂತ ಹೆಚ್ಚೇ ಬಂತು, 6,340. ಮಳೆಯ ದಿನಗಳಲ್ಲಿ ಆ್ಯಪುಗಳು ದರ ಏರಿಸಿದ್ದವು. ಒಂದು ಸಂಜೆ ಅತ್ತೆಯನ್ನು ಆಸ್ಪತ್ರೆಯ ಬಾಗಿಲಲ್ಲಿ ಮುಕ್ಕಾಲು ಗಂಟೆ ಕಾಯಿಸಬೇಕಾಯಿತು, ಅವತ್ತು ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪ್ರಮಾಣಪತ್ರವನ್ನು ಗಂಡ ತರಿಸಿಕೊಂಡ. ಆ ಬೋನಸ್ ಕಾರಿನದಲ್ಲ, ಮಾಲೀಕನದು. ಮೂರು ವರ್ಷದೊಳಗೆ ಇನ್ನೊಂದು ಕಾರು ಕೊಂಡರೆ ಅದರ ವಿಮೆಯಲ್ಲಿ ಸ್ವಂತ ಹಾನಿಯ ಭಾಗದ ಮೇಲೆ ಶೇಕಡಾ 35 ರಿಯಾಯಿತಿ ಸಿಗುತ್ತದೆ. ಅದನ್ನು ಆತ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಆಕೆಯ ಲೆಕ್ಕದ ಕಾಗದವೂ ಇದ್ದ ಫೈಲಿನಲ್ಲೇ ಸೇರಿಸಿದ.